ಕಡಲೆ ಎಂದರೆ ಯಾವ ಕಡಲೆ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ಭಾಷೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಭಾಷೆ ಎಂದೊಡನೆ ದೊಡ್ಡ ದೊಡ್ಡ ವಿಷಯಗಳು ನೆನಪಿಗೆ ಬರುತ್ತವೆ. ನಾನು ಇಂದು ಅವುಗಳ ಗೊಡವೆಗೆ ಹೋಗದೆ, ಅಂಗಡಿಯ ಚೀಟಿಯಲ್ಲಿ ಬರೆಯುವ ಒಂದೇ ಒಂದು ಸಾಲನ್ನು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ಒಬ್ಬರು ಮತ್ತೊಬ್ಬರನ್ನು ಕನ್ನಡದಲ್ಲಿ ಏನನ್ನೋ ಕೇಳುತ್ತಾರೆ. ಕೇಳಿದವರದೂ ಕನ್ನಡ, ಕೇಳಿಸಿಕೊಂಡವರದೂ ಕನ್ನಡ. ಆದರೂ ಕೇಳಿದ ಪದಾರ್ಥ ಒಂದು, ಬಂದ ಪದಾರ್ಥ ಇನ್ನೊಂದು. ಹೀಗೇಕೆ ಆಗುತ್ತದೆ, ಆಗದಂತೆ ಮಾಡುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ನಮ್ಮ ಆದವಾನಿ, ಆಲೂರು, ಎಮ್ಮಿಗನೂರಿನ ಸೀಮೆಗೆ ಈ ವಿಷಯ ಬೇರೆ ಊರುಗಳಿಗಿಂತ ಹೆಚ್ಚು ಸಲ್ಲುತ್ತದೆ. 1953ನೆಯ ಇಸವಿಯ ಅಕ್ಟೋಬರ್ 1ರವರೆಗೆ ಆದವಾನಿ ಮತ್ತು ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಅವು ಕರ್ನೂಲು ಜಿಲ್ಲೆಯ ಪಾಲಿಗೆ ಬಂದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಗೆರೆ ಬಿದ್ದರೂ ಬೀಗತನ ನಿಲ್ಲಲಿಲ್ಲ, ವ್ಯಾಪಾರವೂ ನಿಲ್ಲಲಿಲ್ಲ. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಇಂದಿಗೂ ನಮ್ಮ ಊರಿನ ಮೇಲೆಯೇ ಹೋಗುತ್ತದೆ. ಮನೆಯಲ್ಲಿ ನಾವು ಆಡುವುದು ಬಳ್ಳಾರಿ-ರಾಯಚೂರಿನ ಕಡೆಯ ಕನ್ನಡ. ಮಕ್ಕಳು ಪುಸ್ತಕದಲ್ಲಿ ಓದುವುದು ಬಹುಮಟ್ಟಿಗೆ ಮೈಸೂರಿನ ಕಡೆಯಲ್ಲಿ ರೂಢಿಗೆ ಬಂದ ಬರವಣಿಗೆಯ ಕನ್ನಡ. ಮಾರುಕಟ್ಟೆಯ ವ್ಯವಹಾರ ತೆಲುಗು. ಹೀಗೆ ಒಂದೇ ಪದಾರ್ಥಕ್ಕೆ ಮೂರು ಹೆಸರುಗಳು ನಮ್ಮ ಕಿವಿಗೆ ದಿನವೂ ಬೀಳುತ್ತವೆ. ಮೂರು ಹೆಸರುಗಳಿದ್ದರೆ ತೊಂದರೆಯಿಲ್ಲ, ಅದು ಸಂಪತ್ತೇ ಸರಿ. ತೊಂದರೆ ಹುಟ್ಟುವುದು ಒಂದೇ ಹೆಸರು ಎರಡು ಪದಾರ್ಥಗಳಿಗೆ ಸಲ್ಲುವಾಗ.

ಉದಾಹರಣೆಗೆ ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ. ಇಂದಿನ ದಿನಗಳಲ್ಲಿ ಅದು ಅಂಚೆಯ ಕಾಗದವಾಗಿರದೆ ಮೊಬೈಲಿಗೆ ಬಂದ ಸಂದೇಶವಾಗಿದ್ದರೂ ಆಗಬಹುದು. ಆದವಾನಿಯ ಒಬ್ಬ ದಲಾಲಿ ಅಂಗಡಿಯವರಿಗೆ, ಬಂಧುಗಳ ಪರಿಚಯದ ಮೇಲೆ, ಯಾರೋ ಕನ್ನಡಿಗರು ಹೀಗೆ ಬರೆಯುತ್ತಾರೆ: "ಕಡಲೆ ಬೀಜ ಎರಡು ಕ್ವಿಂಟಾಲ್ ಬೇಕಾಗಿದೆ. ಒಳ್ಳೆಯ ಮಾಲು ನೋಡಿ ಈ ವಾರದೊಳಗಾಗಿ ಕಳುಹಿಸಿಕೊಡಬೇಕಾಗಿ ವಿನಂತಿ." ಪತ್ರದ ಮೇಲೆ ಅಕ್ಟೋಬರ್ ತಿಂಗಳ ಮೊದಲ ವಾರದ ತಾರೀಖು. ಬರೆದವರು ಯಾವ ಸೀಮೆಯವರೆಂಬುದು ಪತ್ರದಿಂದ ಗೊತ್ತಾಗುವುದಿಲ್ಲ.

ಈಗ ಅಂಗಡಿಯವರು ಏನನ್ನು ಕಳುಹಿಸಬೇಕು? ನಮ್ಮ ಊರಿನವರನ್ನು ಕೇಳಿದರೆ, "ಇದರಲ್ಲಿ ಕೇಳುವುದೇನಿದೆ? ಹಿಂಗಾರಿಗೆ ಎರೆಹೊಲದಲ್ಲಿ ಬಿತ್ತುವ ಕಡಲೆಯ ಬೀಜ" ಎನ್ನುತ್ತಾರೆ. ಮೈಸೂರು, ಮಂಡ್ಯ, ತುಮಕೂರು, ಬೆಂಗಳೂರಿನ ಕಡೆಯವರನ್ನು ಕೇಳಿದರೆ ಅವರೂ ಅಷ್ಟೇ ನಿಸ್ಸಂದೇಹವಾಗಿ ಉತ್ತರ ಕೊಡುತ್ತಾರೆ. ಆದರೆ ಅವರ ಕಡಲೆಬೀಜ ನಮ್ಮ ಶೇಂಗಾ ಬೀಜ. ನೆಲದೊಳಗೆ ಬಿಡುವ ಕಾಯಿಯನ್ನು ಅವರು ಕಡಲೆಕಾಯಿ ಎನ್ನುತ್ತಾರೆ, ಅದನ್ನು ಸುಲಿದಾಗ ಸಿಕ್ಕುವ ಕಾಳನ್ನು ಕಡಲೆಬೀಜ ಎನ್ನುತ್ತಾರೆ. ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿವರ್ಷ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆಯಲ್ಲ, ಅಲ್ಲಿ ರಾಶಿ ರಾಶಿಯಾಗಿ ಮಾರುವುದು ನಮ್ಮ ಶೇಂಗಾವನ್ನೇ.

ಇನ್ನು 'ಬೀಜ' ಎಂಬ ಶಬ್ದವನ್ನು ನೋಡಿ. ನಮ್ಮ ರೈತನು ಬೀಜ ಎಂದರೆ ಬಿತ್ತುವುದಕ್ಕೆ ಆರಿಸಿ ತೆಗೆದದ್ದು ಎಂದು ತಿಳಿಯುತ್ತಾನೆ. ಮೈಸೂರಿನ ಗೃಹಿಣಿಯು ಕಡಲೆಬೀಜ ಎಂದಾಗ ಬಿತ್ತನೆಯ ಯೋಚನೆ ಅವಳಿಗೆ ಕನಸಿನಲ್ಲಿಯೂ ಇಲ್ಲ. ಚಿತ್ರಾನ್ನದ ಒಗ್ಗರಣೆಗೆ ಹಾಕುವ ಕಾಳು ಅವಳ ಮನಸ್ಸಿನಲ್ಲಿದೆ. ಆದುದರಿಂದ ಆ ಒಂದು ಸಾಲಿಗೆ ಎರಡಲ್ಲ, ಮೂರು ಅರ್ಥಗಳು ಸಾಧ್ಯ: ಬಿತ್ತುವ ಕಡಲೆ, ತಿನ್ನುವ ಶೇಂಗಾ ಕಾಳು, ಬಿತ್ತುವ ಶೇಂಗಾ ಕಾಳು.

ತಪ್ಪಾದರೆ ಆಗುವ ನಷ್ಟವೇನು ಎಂದು ಕೇಳಬಹುದು. ಎರೆಭೂಮಿಯಲ್ಲಿ ಕಡಲೆ ಬಿತ್ತುವವನು ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯನ್ನೇ ನಂಬಿರುತ್ತಾನೆ. ಆ ಹಸಿ ಮೇಲಿನಿಂದ ದಿನೇ ದಿನೇ ಆರುತ್ತಾ ಹೋಗುತ್ತದೆ. ಬೇರೆ ಮಾಲು ಬಂದು, ಅದನ್ನು ತಿರುಗಿ ಕಳುಹಿಸಿ, ಸರಿಯಾದದ್ದನ್ನು ತರಿಸುವಷ್ಟರಲ್ಲಿ ಬಿತ್ತನೆಯ ಹದವೇ ತಪ್ಪಿರುತ್ತದೆ. ದೇಸಿ ಕಡಲೆಯನ್ನು ಎಕರೆಗೆ ಸುಮಾರು 25ರಿಂದ 30 ಕಿಲೋ ಬಿತ್ತುತ್ತಾರೆ. ಆ ಲೆಕ್ಕದಲ್ಲಿ ಎರಡು ಕ್ವಿಂಟಾಲ್ ಎಂದರೆ ಏಳೆಂಟು ಎಕರೆಯ ಒಂದು ವರ್ಷದ ಬೆಳೆ.

ಇನ್ನೊಂದು ಅಪಾಯ ಇದಕ್ಕಿಂತ ಘೋರವಾದುದು. ಬಿತ್ತನೆಗೆಂದು ಮಾರುವ ಬೀಜಕ್ಕೆ ಬೂಷ್ಟಿನ ರೋಗ ಬಾರದಂತೆ ಮೊದಲೇ ಔಷಧಿ ಸವರುವುದುಂಟು. ಆ ಔಷಧಿ ವಿಷ. ಅಂಥ ಕಾಳು ತಿನ್ನಲು ಬಾರದೆಂದು ತಿಳಿಸುವುದಕ್ಕಾಗಿಯೇ ಅದಕ್ಕೆ ಬಣ್ಣ ಬೆರೆಸಿರುತ್ತಾರೆ, ಚೀಲದ ಮೇಲೆ ಎಚ್ಚರಿಕೆಯನ್ನೂ ಮುದ್ರಿಸಿರುತ್ತಾರೆ. ಮದುವೆಯ ಮನೆಗೆ ಕಡಲೆಬೀಜ ಬೇಕೆಂದು ಮೈಸೂರಿನ ಕಡೆಯವರು ಕೇಳಿದ್ದಕ್ಕೆ ಬೀಜದಂಗಡಿಯ ಚೀಲ ಹೋದರೆ ಏನಾಗಬಹುದೆಂಬುದನ್ನು ತಾವೇ ಯೋಚಿಸಬಹುದು.

ಒಂದೇ ಶಬ್ದಕ್ಕೆ ಇಂತಹ ಎರಡು ಅರ್ಥ ಹೇಗೆ ಬಂದಿತು? ಇದರಲ್ಲಿ ಯಾರ ಕನ್ನಡವೂ ಕೆಟ್ಟದ್ದಲ್ಲ, ಯಾರೂ ಶಬ್ದವನ್ನು ಹಾಳುಮಾಡಲಿಲ್ಲ. ಕಡಲೆ ನಮ್ಮ ದೇಶದಲ್ಲಿ ಸಾವಿರಾರು ವರ್ಷಗಳಿಂದ ಇರುವ ಕಾಳು. ಶೇಂಗಾ ಹಾಗಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ, ಹಡಗಿನ ವ್ಯಾಪಾರ ಬೆಳೆದ ಕಾಲದಲ್ಲಿ, ಅದು ಇತ್ತ ಬಂದು ಹರಡಿತು. ಹೊಸ ಅತಿಥಿಗೆ ಒಂದು ಹೆಸರು ಬೇಕಾಯಿತು. ಜನರು ಕಂಡು ಬಲ್ಲ ಹಳೆಯ ಕಾಳಿನ ಹೆಸರನ್ನೇ ತೆಗೆದುಕೊಂಡು, ಅದರ ಹಿಂದೆ ಒಂದು ವಿಶೇಷಣವನ್ನು ಸೇರಿಸಿ, ನೆಲದಲ್ಲಿ ಬಿಡುವ ಕಡಲೆ ಆದುದರಿಂದ ನೆಲಗಡಲೆ ಎಂದರು. ಕರಾವಳಿಯ ಕನ್ನಡಿಗರು ಇಂದಿಗೂ ನೆಲಕಡಲೆ ಎನ್ನುತ್ತಾರೆ. ತೆಲುಗರು ಅದೇ ದಾರಿಯಲ್ಲಿ ನಡೆದು, ಶನಗ ಎಂಬ ಕಡಲೆಯ ಹೆಸರಿಗೆ ಬೇರು ಎಂಬರ್ಥದ ಶಬ್ದವನ್ನು ಸೇರಿಸಿ ವೇರುಶನಗ ಎಂದರು.

ಉತ್ತರದ ಕಡೆಯಲ್ಲಿ ಮಾತ್ರ ಬೇರೆಯ ದಾರಿ ಹಿಡಿದರು. ಮರಾಠಿಯಲ್ಲಿ ಶೇಂಗ ಎಂದರೆ ಕಾಯಿ, ಕೋಡು. ಆ ಶಬ್ದವನ್ನು ತೆಗೆದುಕೊಂಡು ಶೇಂಗಾ ಎಂದರು. ಹೊಸ ಕಾಳಿಗೆ ಹೊಸ ಹೆಸರೇ ಸಿಕ್ಕಿದುದರಿಂದ ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರು, ಬಳ್ಳಾರಿ ಮತ್ತು ನಮ್ಮ ಸೀಮೆಯಲ್ಲಿ ಕಡಲೆ ಎಂಬ ಹಳೆಯ ಹೆಸರು ಹಳೆಯ ಕಾಳಿಗೇ ಉಳಿಯಿತು. ದಕ್ಷಿಣದಲ್ಲಿ ಕಡಲೆ ಎಂಬ ಹೆಸರನ್ನು ಎರಡು ಕಾಳುಗಳು ಹಂಚಿಕೊಂಡವು. ಹಂಚಿಕೊಂಡ ಮೇಲೆ ನಿತ್ಯ ಬಳಕೆಯಲ್ಲಿ ಉದ್ದನೆಯ ಹೆಸರು ಸವೆಯುವುದು ಸಹಜ. ನೆಲ ಎಂಬ ವಿಶೇಷಣ ಉದುರಿತು, ಕಾಯಿ ಮತ್ತು ಬೀಜ ಎಂಬ ಮಾತುಗಳೇ ಗುರುತಾಗಿ ನಿಂತವು. ಕಡಲೆಕಾಯಿ, ಕಡಲೆಬೀಜ ಎಂದರೆ ಹೊಸಬ, ಕಡಲೆಕಾಳು ಎಂದರೆ ಹಳಬ ಎಂದು ಅಲ್ಲಿ ಒಡಂಬಡಿಕೆಯಾಯಿತು.

ಇದು ಕಡಲೆಯೊಂದರದೇ ಕಥೆಯಲ್ಲ. ಅದೇ ಅಮೆರಿಕದಿಂದ ಬಂದ ಮತ್ತೆರಡು ಪದಾರ್ಥಗಳೂ ಹೀಗೆಯೇ ನಡೆದುಕೊಂಡಿವೆ. ಜೋಳ ಎಂದರೆ ನಮಗೆ ರೊಟ್ಟಿಯ ಬಿಳಿಯ ಜೋಳ. ತೆಲುಗಿನವರ ಜೊನ್ನ. ತೆನೆಯ ಸುತ್ತ ಸಿಪ್ಪೆ ಮುಸುಕಿಕೊಂಡ ಹೊಸ ಧಾನ್ಯ ಬಂದಾಗ ಮೈಸೂರಿನ ಕಡೆ ಮುಸುಕಿನ ಜೋಳ ಎಂದರು, ಧಾರವಾಡದ ಕಡೆ ಗೋವಿನ ಜೋಳ ಎಂದರು, ಇನ್ನು ಕೆಲವೆಡೆ ಮೆಕ್ಕೆಜೋಳ ಎಂದರು. ಬಿಳಿಜೋಳದ ಬಳಕೆ ಕಡಿಮೆಯಾದ ಊರುಗಳಲ್ಲಿ ಆ ವಿಶೇಷಣವೂ ಉದುರುತ್ತಿದೆ. ಬೆಂಗಳೂರಿನ ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟು ಮಾರುವ ತೆನೆಗೆ ಬರಿಯ ಜೋಳ ಎಂದೇ ಹೆಸರು. ಹೊಸಬನು ಬರಿಯ ಹೆಸರನ್ನು ಹಿಡಿದುಕೊಂಡ ಕಡೆಯಲ್ಲಿ ಹಳಬನೇ ವಿಶೇಷಣ ಹೊತ್ತು 'ಬಿಳಿಜೋಳ' ಎಂದು ಕರೆಯಿಸಿಕೊಳ್ಳಬೇಕಾಗಿದೆ.

ಮೆಣಸಿನ ಕಥೆಯೂ ಹೀಗೆಯೇ. ಮೊದಲು ಇದ್ದದ್ದು ಬಳ್ಳಿಯಲ್ಲಿ ಬಿಡುವ ಕರಿಯ ಮೆಣಸು ಒಂದೇ. ಗಿಡದಲ್ಲಿ ಬಿಡುವ ಖಾರದ ಕಾಯಿ ಆಮೇಲೆ ಬಂದಾಗ ಅದು ಮೆಣಸಿನಕಾಯಿಯಾಯಿತು. ಮೈಸೂರಿನಲ್ಲಿ ಮೆಣಸು ಎಂದರೆ ಇಂದಿಗೂ ಕರಿಯ ಕಾಳು. ಮಂಗಳೂರಿನ ಕಡೆ ಮೆಣಸು ಎಂದರೆ ಕೆಂಪು ಕಾಯಿ, ಕರಿಯ ಕಾಳಿಗೆ ಅಲ್ಲಿ ಕಾಳುಮೆಣಸು, ಒಳ್ಳೆಮೆಣಸು ಎಂಬ ಹೆಸರುಗಳಿವೆ. ಆದ್ದರಿಂದ "ಮೆಣಸು ಒಂದು ಕಿಲೋ" ಎಂಬ ಚೀಟಿಗೆ ಮಂಗಳೂರಿನಲ್ಲಿ ಒಂದು ಅರ್ಥ, ಮೈಸೂರಿನಲ್ಲಿ ಮತ್ತೊಂದು ಅರ್ಥ.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಸೂತ್ರ ಸಿಕ್ಕುತ್ತದೆ. ಒಂದು ಶಬ್ದದ ಅರ್ಥವನ್ನು ತಿಳಿಯಬೇಕಾದರೆ ಆ ಶಬ್ದವನ್ನು ಮಾತ್ರ ದಿಟ್ಟಿಸಿ ನೋಡಿ ಪ್ರಯೋಜನವಿಲ್ಲ. ಅದರ ನೆರೆಯ ಶಬ್ದಗಳನ್ನು ನೋಡಬೇಕು. ಕುಟುಂಬದಲ್ಲಿ ಅಣ್ಣ ತಮ್ಮಂದಿರು ಹೊಲವನ್ನು ಹಂಚಿಕೊಂಡಂತೆ ಹೆಸರುಗಳು ಪದಾರ್ಥಗಳನ್ನು ಹಂಚಿಕೊಂಡಿರುತ್ತವೆ. ಒಬ್ಬನ ಪಾಲು ಯಾವುದೆಂದು ಗೊತ್ತಾದರೆ ಇನ್ನೊಬ್ಬನ ಪಾಲು ತಾನಾಗಿ ಗೊತ್ತಾಗುತ್ತದೆ. ಶೇಂಗಾ ಎನ್ನುವವನ ಬಾಯಲ್ಲಿ ಕಡಲೆ ಎಂಬುದು ಶೇಂಗಾ ಆಗಲಾರದು.

ಈ ಸೂತ್ರವನ್ನು ಹಿಡಿದು ನಮ್ಮ ಪತ್ರಕ್ಕೆ ಮರಳೋಣ. ಅಂಗಡಿಯವರು ಬುದ್ಧಿವಂತರಾದರೆ ಮೊದಲು ತಾರೀಖನ್ನು ನೋಡುತ್ತಾರೆ. ಅಕ್ಟೋಬರ್ ತಿಂಗಳು ಹಿಂಗಾರಿ ಕಡಲೆಯ ಬಿತ್ತನೆಯ ಕಾಲ. ಆದುದರಿಂದ ಕಡಲೆಯೇ ಇರಬೇಕು ಎನ್ನಿಸುತ್ತದೆ. ಆದರೆ ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕಿತ್ತು ಹೊಸ ಮಾಲು ಮಾರುಕಟ್ಟೆಗೆ ಬರತೊಡಗುವುದೂ ಅದೇ ಕಾಲ. ದಸರಾ, ದೀಪಾವಳಿಗಳೂ ಅದರ ಆಚೀಚೆಗೇ ಬರುತ್ತವೆ. ಅಲ್ಲದೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರೋ ಬಾವಿಯ ನೀರೋ ಇರುವ ರೈತರು ಹಿಂಗಾರಿನಲ್ಲಿಯೂ ಶೇಂಗಾ ಹಾಕಬಲ್ಲರು. ಹೀಗೆ ತಾರೀಖು ಮೂರು ಅರ್ಥಗಳಿಗೂ ಸಾಕ್ಷಿ ಹೇಳುತ್ತದೆ. ಮೂವರ ಪರವಾಗಿಯೂ ಸಾಕ್ಷಿ ಹೇಳುವವನಿಂದ ಪ್ರಯೋಜನವೇನು?

ಎರಡನೆಯದಾಗಿ ಮಾಲಿನ ಗುಣವನ್ನು ಕುರಿತ ಮಾತನ್ನು ನೋಡಬೇಕು. ಪತ್ರದಲ್ಲಿ ತಳಿಯ ಹೆಸರು ಬಂದಿದ್ದರೆ ಸಂಶಯ ಅಲ್ಲಿಗೇ ಮುಗಿಯುತ್ತದೆ. ಜೆ.ಜಿ. 11 ಎಂದಿದ್ದರೆ ಅದು ಕಡಲೆ. ಕದಿರಿ 6 ಎಂದೋ ಟಿ.ಎಂ.ವಿ. 2 ಎಂದೋ ಇದ್ದರೆ ಅದು ಶೇಂಗಾ. ಒಡೆದ ಕಾಳಿರಬಾರದು, ಮೊಳಕೆ ಚೆನ್ನಾಗಿರಬೇಕು ಎಂದಿದ್ದರೆ ಬಿತ್ತನೆಗೆ ಎಂಬುದು ಖಂಡಿತ. ಬಿತ್ತುವ ಶೇಂಗಾ ಬೇಕಾದವರು ಸಾಮಾನ್ಯವಾಗಿ ಸುಲಿದ ಕಾಳನ್ನು ಕೇಳದೆ ಕಾಯಿಯನ್ನೇ ಕೇಳುತ್ತಾರೆ ಎಂಬುದನ್ನೂ ನೆನಪಿಡಬೇಕು. ಸುಲಿದು ಬಹಳ ದಿನ ಇಟ್ಟ ಕಾಳಿನ, ಯಂತ್ರದಲ್ಲಿ ಸುಲಿಯುವಾಗ ಏಟು ತಿಂದ ಕಾಳಿನ ಮೊಳೆಯುವ ಶಕ್ತಿ ಕುಗ್ಗುತ್ತದೆ. ಅದಕ್ಕಾಗಿ ರೈತನು ಕಾಯಿಯನ್ನು ಇಟ್ಟುಕೊಂಡು ಬಿತ್ತನೆಯ ಮುಂಚೆ ಸುಲಿಸುತ್ತಾನೆ. ಹೀಗಾಗಿ ಮೂರನೆಯ ಅರ್ಥ ಸ್ವಲ್ಪ ದೂರ ಸರಿಯಿತು. ನಮ್ಮ ಪತ್ರದಲ್ಲಿ "ಒಳ್ಳೆಯ ಮಾಲು" ಎಂದು ಮಾತ್ರ ಇದೆ. ಆ ಮಾತು ತಿನ್ನುವ ಕಾಳಿಗೂ ಸಲ್ಲುತ್ತದೆ, ಬಿತ್ತುವ ಕಾಳಿಗೂ ಸಲ್ಲುತ್ತದೆ.

ಮೂರನೆಯದಾಗಿ ನೆರೆಯ ಶಬ್ದಗಳನ್ನು ನೋಡಬೇಕು. ಇದೇ ಪತ್ರದ ಕೆಳಗೆ ಇನ್ನೊಂದು ಸಾಲಿದೆ ಎಂದು ತಿಳಿಯಿರಿ: "ಜೊತೆಗೆ ಮನೆಯ ಖರ್ಚಿಗೆ ಐದು ಕಿಲೋ ಪುಟಾಣಿಯನ್ನೂ ಕಳುಹಿಸಿರಿ." ಈ ಒಂದು ಶಬ್ದ ಬಹಳ ದೊಡ್ಡ ಸುಳಿವು. ಹುರಿದು ಸಿಪ್ಪೆ ತೆಗೆದ ಕಡಲೆಯನ್ನು ಪುಟಾಣಿ ಎನ್ನುವುದು ನಮ್ಮ ಕಡೆಯ ಮತ್ತು ಉತ್ತರದ ಕಡೆಯ ರೂಢಿ. ಮೈಸೂರಿನ ಕಡೆ ಅದನ್ನು ಹುರಿಗಡಲೆ ಎನ್ನುತ್ತಾರೆ. ಪುಟಾಣಿ ಎನ್ನುವವರ ಮನೆಯಲ್ಲಿ ಶೇಂಗಾ ಎಂಬ ಶಬ್ದವೂ ಇರುವುದು ಬಹಳ ಸಂಭವ. ಶೇಂಗಾ ಇದ್ದ ಮೇಲೆ ಕಡಲೆ ಎಂದರೆ ಕಡಲೆಯೇ, ಬೀಜ ಎಂದರೆ ಬಿತ್ತನೆಯ ಬೀಜವೇ. ಅದೇ ಸಾಲಿನಲ್ಲಿ ಪುಟಾಣಿಗೆ ಬದಲಾಗಿ ಹುರಿಗಡಲೆ ಎಂದಿದ್ದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಕಡಲೆಯ ಹೆಸರು ಹೊತ್ತ ಎಲ್ಲ ಶಬ್ದಗಳಲ್ಲಿಯೂ ಈ ಗೊಂದಲವಿಲ್ಲ. ಕಡಲೆಬೇಳೆ, ಕಡಲೆಹಿಟ್ಟು ಎಂದರೆ ಕನ್ನಡ ನಾಡಿನ ಯಾವ ಮೂಲೆಯಲ್ಲಿಯೂ ಹಳೆಯ ಕಡಲೆಯದೇ ಬೇಳೆ, ಹಳೆಯ ಕಡಲೆಯದೇ ಹಿಟ್ಟು. ಕಡಲೆಕಾಯಿ ಎಣ್ಣೆ ಎಂದರೆ ಎಲ್ಲಿಯೂ ಶೇಂಗಾ ಎಣ್ಣೆಯೇ. ಏಕೆಂದರೆ ಹಳೆಯ ಕಡಲೆಯಿಂದ ಗಾಣದಲ್ಲಿ ಎಣ್ಣೆ ತೆಗೆಯುವವರು ಯಾರೂ ಇಲ್ಲ. ಎರಡು ಕಾಳುಗಳಲ್ಲಿ ಒಂದು ಮಾತ್ರ ಮಾಡಬಲ್ಲ ಕೆಲಸವನ್ನು ಶಬ್ದ ಹೇಳಿದರೆ ಅಪಾಯವಿಲ್ಲ. ಎರಡಕ್ಕೂ ಸಲ್ಲುವ ಮಾತು ಬಂದಾಗ, ಅಂದರೆ ಕಾಯಿ, ಬೀಜ, ಅಥವಾ ಬರಿಯ ಕಡಲೆ ಎಂದಾಗ ಮಾತ್ರ ಎಚ್ಚರಿಕೆ ಬೇಕು.

ಹಾಗಾದರೆ ಪುಟಾಣಿ ಎಂಬ ಸುಳಿವನ್ನು ನಂಬಿ ಬಿತ್ತನೆಯ ಕಡಲೆಯನ್ನು ಕಳುಹಿಸಿಬಿಡಬಹುದೇ? ಕೂಡದು ಎಂದು ನನ್ನ ಅಭಿಪ್ರಾಯ. ಇಂದಿನ ಸಂಸಾರಗಳಲ್ಲಿ ಮಾತು ಬೆರೆತಿದೆ. ರಾಯಚೂರಿನ ಮಗಳು ತುಮಕೂರಿನ ಸೊಸೆಯಾಗಿರುತ್ತಾಳೆ. ಅವಳು ತವರಿನ ಪುಟಾಣಿಯನ್ನು ಬಿಟ್ಟಿರುವುದಿಲ್ಲ, ಅತ್ತೆಯ ಮನೆಯ ಕಡಲೆಬೀಜವನ್ನೂ ಕಲಿತಿರುತ್ತಾಳೆ. ನಮ್ಮ ಮಕ್ಕಳು ಮನೆಯಲ್ಲಿ ಶೇಂಗಾ ಎಂದು, ಪುಸ್ತಕವನ್ನು ಓದಿ ಕಡಲೆಕಾಯಿ ಎಂದು ಬರೆಯುತ್ತಾರೆ. ಪತ್ರವನ್ನು ಹೇಳಿದವರು ಅಜ್ಜ, ಬರೆದವರು ಮೊಮ್ಮಗ ಆಗಿರಬಹುದು. ಆದುದರಿಂದ ಸುಳಿವು ನಮಗೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ತಿಳಿಸುತ್ತದೆ. ಪ್ರಶ್ನೆಯನ್ನೇ ಕೇಳದೆ ಮಾಲು ಹೇರುವ ಅಧಿಕಾರವನ್ನು ಅದು ಕೊಡುವುದಿಲ್ಲ.

ಕೇಳುವುದರಲ್ಲಿಯೂ ಒಂದು ಹದವಿದೆ. "ಕಡಲೆ ಬೀಜವೇ ಅಲ್ಲವೆ?" ಎಂದು ಕೇಳಿದರೆ "ಹೌದು, ಕಡಲೆ ಬೀಜವೇ" ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ತೃಪ್ತಿ, ಹೇಳಿದವರಿಗೂ ತೃಪ್ತಿ, ಸಂಶಯ ಮಾತ್ರ ಎಲ್ಲಿತ್ತೋ ಅಲ್ಲಿಯೇ. "ಶೇಂಗಾ ಬೇಕೋ, ಕಡಲೆ ಬೇಕೋ?" ಎಂದು ಕೇಳಿದರೆ ಸ್ವಲ್ಪ ಮೇಲು. ಆದರೆ ಶೇಂಗಾ ಎಂಬ ಶಬ್ದವನ್ನು ಅರಿಯದ ಮೈಸೂರಿನವರು ತಮಗೆ ಗೊತ್ತಿರುವ ಹೆಸರನ್ನೇ ಹಿಡಿದು "ಕಡಲೆ" ಎಂದುಬಿಡಬಹುದು. ಹೆಸರಿನ ಸಂಶಯವನ್ನು ಹೆಸರಿನಿಂದಲೇ ತೀರಿಸಲು ಹೋದರೆ ಹೀಗಾಗುತ್ತದೆ. ಪದಾರ್ಥವನ್ನೇ ಕಣ್ಣಿಗೆ ಕಟ್ಟುವಂತೆ ಹೇಳಿ ಕೇಳಬೇಕು. "ತಾವು ಕೇಳಿದ್ದು ನೆಲದೊಳಗೆ ಕಾಯಿ ಬಿಟ್ಟು ಎಣ್ಣೆ ಕೊಡುವ ಕಾಳೋ, ಅಥವಾ ಬೇಳೆ ಒಡೆದು ಬಜ್ಜಿಯ ಹಿಟ್ಟು ಬೀಸುವ ಕಾಳೋ? ಬೇಕಾಗಿರುವುದು ಬಿತ್ತುವುದಕ್ಕೋ, ತಿನ್ನುವುದಕ್ಕೋ?" ಈ ಎರಡು ಪ್ರಶ್ನೆಗಳಿಗೆ ಬೀದರಿನವರೂ ಚಾಮರಾಜನಗರದವರೂ ತಪ್ಪದೆ ಉತ್ತರ ಹೇಳಬಲ್ಲರು. ಮೊಬೈಲಿದ್ದರೆ ಒಂದು ಹಿಡಿ ಕಾಳಿನ ಚಿತ್ರ ಕಳುಹಿಸಿದರೆ ಮೊದಲನೆಯ ಪ್ರಶ್ನೆ ತೀರುತ್ತದೆ. ಎರಡನೆಯದು ಚಿತ್ರದಿಂದ ತೀರದು. ಬಿತ್ತುವ ಕಡಲೆಗೂ ತಿನ್ನುವ ಕಡಲೆಗೂ ರೂಪ ಒಂದೇ. ಅದನ್ನು ಬಾಯಿಬಿಟ್ಟೇ ಕೇಳಬೇಕು.

ಗಡಿನಾಡಿನವರಾದ ನಾವು, ಸಂಶಯ ಬಂದರೆ ತೆಲುಗಿನ ಹೆಸರನ್ನು ಹೇಳಿದರೆ ಸಾಕಲ್ಲವೆ ಎಂದು ಯೋಚಿಸುವುದುಂಟು. ಅದು ಅನೇಕ ವೇಳೆ ಸಾಕಾಗುತ್ತದೆ. ಶನಗಲು ಎಂದರೆ ಕಡಲೆ, ವೇರುಶನಗ ಎಂದರೆ ಶೇಂಗಾ. ಪುಸ್ತಕದ ತೆಲುಗಿನಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ರಾಯಲಸೀಮೆಯ ಆಡುಮಾತಿನಲ್ಲಿ ವೇರು ಎಂಬ ವಿಶೇಷಣ ಉದುರಿ ಶೆನಕ್ಕಾಯಲು ಎಂದರೆ ಶೇಂಗಾ ಕಾಯಿ ಎಂದಾಗಿದೆ. ಮೈಸೂರಿನ ಕಡಲೆಕಾಯಿಗೆ ಆದದ್ದೇ ಇಲ್ಲಿಯೂ ಆಗಿದೆ. ಆದುದರಿಂದ ತೆಲುಗನ್ನು ಆಶ್ರಯಿಸುವವರು ಉದ್ದನೆಯ ಹೆಸರನ್ನೇ ಪೂರ್ತಿಯಾಗಿ ಹೇಳಬೇಕು.

ತೆಲುಗಿನ ನೆರವು ಕೆಲವು ವೇಳೆ ತೊಡಕನ್ನು ಹೆಚ್ಚಿಸುವುದೂ ಉಂಟು. ಅದಕ್ಕೆ 'ಹಿಂಡಿ' ಎಂಬ ಶಬ್ದ ಒಳ್ಳೆಯ ನಿದರ್ಶನ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಚರಟಕ್ಕೆ ಕನ್ನಡದಲ್ಲಿ ಹಿಂಡಿ ಎಂದು ಹೆಸರು. ಅದು ದನಗಳ ಮೇವು. ಶೇಂಗಾದ ಎಣ್ಣೆಯ ಮಿಲ್ಲುಗಳನ್ನು ಕಂಡ ನಮ್ಮ ಆದವಾನಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ವಿಜಯಪುರ, ಕಲಬುರಗಿಯ ಕಡೆಯಲ್ಲಿ ಶೇಂಗಾ ಹಿಂಡಿ ಎಂದರೆ ಹುರಿದ ಶೇಂಗಾ, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಕುಟ್ಟಿದ ಪುಡಿ. ಜೋಳದ ರೊಟ್ಟಿಯ ಪಕ್ಕದಲ್ಲಿ ಅದು ಇಲ್ಲದಿದ್ದರೆ ಊಟವೇ ಆಗದು. ಹೀಗಿರಲಾಗಿ "ಶೇಂಗಾ ಹಿಂಡಿ ಐದು ಕಿಲೋ ಬೇಕು" ಎಂದು ಕಲಬುರಗಿಯ ಬೀಗರು ಹೇಳಿ ಕಳುಹಿಸಿದರೆ, ನಾವು ಮಿಲ್ಲಿನಿಂದ ದನದ ಹಿಂಡಿ ತರಿಸಿ ಬೀಗರ ಮುಂದೆ ಇಟ್ಟ ಹಾಗಾಗಬಾರದು.

ಇದಕ್ಕೆ ತೆಲುಗು ಸೇರಿದರೆ ಮೂರನೆಯ ಅರ್ಥ ಹುಟ್ಟುತ್ತದೆ. ತೆಲುಗಿನ ಪಿಂಡಿ ಎಂದರೆ ಹಿಟ್ಟು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದಂತೆ ತೆಲುಗಿನ ಪಕಾರ ನಮ್ಮ ಹಕಾರವಾಗಿ ನಿಲ್ಲುವ ಶಬ್ದಗಳು ಅನೇಕ ಇವೆ, ಆದ್ದರಿಂದ ಎರಡು ಭಾಷೆ ಬಲ್ಲ ನಮ್ಮ ಮಕ್ಕಳು ಹಿಂಡಿಯನ್ನು ಪಿಂಡಿ ಎಂದು ತಿರುಗಿಸುವುದು ಸಹಜ. "ಕಡಲೆ ಹಿಂಡಿ" ಎಂದು ಬಂದ ಚೀಟಿಯನ್ನು ಅಂಗಡಿಯಲ್ಲಿ ಶನಗಪಿಂಡಿ ಎಂದು ಓದಿದರೆ ಸಿಕ್ಕುವುದು ಕಡಲೆಹಿಟ್ಟು. ಬರೆದವರು ದಕ್ಷಿಣದವರಾಗಿದ್ದರೆ ಅವರು ಕೇಳಿದ್ದು ಕಡಲೆಕಾಯಿಯ ಹಿಂಡಿ, ತಮ್ಮ ಹಸುವಿಗೆ. ಹಿಂಡಿಯ ವಿಷಯದಲ್ಲಿ ಬಿಡಿಸಿ ನೋಡಲು ಸುಲಭವಾದ ಗುರುತು ಪ್ರಮಾಣ. ದನಕ್ಕೆ ಕೇಳುವವರು ಚೀಲದ ಲೆಕ್ಕದಲ್ಲಿ ಕೇಳುತ್ತಾರೆ, ಊಟಕ್ಕೆ ಕೇಳುವವರು ಕಿಲೋದ, ಅರ್ಧ ಕಿಲೋದ ಲೆಕ್ಕದಲ್ಲಿ ಕೇಳುತ್ತಾರೆ. ಆದರೆ ಮದುವೆಯ ಮನೆಗೆ ಊಟದ ಹಿಂಡಿಯೂ ಹತ್ತಾರು ಕಿಲೋ ಬೇಕಾಗುವುದರಿಂದ ಈ ಗುರುತೂ ಸುಳ್ಳಾಗಬಹುದು. "ರೊಟ್ಟಿಗೋ, ದನಕ್ಕೋ?" ಎಂದು ಎರಡು ಶಬ್ದದಲ್ಲಿ ಕೇಳಿದರೆ ಯಾರೂ ಬೇಸರ ಪಡುವುದಿಲ್ಲ.

ಇಲ್ಲಿಯವರೆಗೆ ಚೀಟಿಯನ್ನು ಓದುವವರ ಕರ್ತವ್ಯವನ್ನು ಹೇಳಿದೆ. ಬರೆಯುವವರು ಸ್ವಲ್ಪ ಶ್ರಮ ವಹಿಸಿದರೆ ಓದುವವರಿಗೆ ಈ ತೊಂದರೆಯೇ ಇರುವುದಿಲ್ಲ. ಊರು ಬಿಟ್ಟು ಊರಿಗೆ ಏನನ್ನಾದರೂ ಬೇಡಿ ಬರೆಯುವಾಗ ಮೂರು ಸಂಗತಿಗಳು ಆ ಸಾಲಿನಲ್ಲಿ ಬರಬೇಕು. ಪದಾರ್ಥದ ನಮ್ಮ ಕಡೆಯ ಹೆಸರು, ಗೊತ್ತಿದ್ದರೆ ಅವರ ಕಡೆಯ ಹೆಸರು, ಮತ್ತು ಅದರ ಉಪಯೋಗ. ಆ ಪತ್ರವನ್ನು ನಮ್ಮವರೇ ಬರೆಯಬೇಕಾಗಿದ್ದರೆ ಹೀಗೆ ಬರೆಯಬಹುದು: "ಹಿಂಗಾರಿಗೆ ಎರೆಹೊಲದಲ್ಲಿ ಬಿತ್ತಲು ಕಡಲೆ, ಅಂದರೆ ಬೇಳೆ ಮಾಡುವ ಕಡಲೆಕಾಳು, ಎರಡು ಕ್ವಿಂಟಾಲ್ ಬೇಕಾಗಿದೆ. ಶೇಂಗಾ ಅಥವಾ ಕಡಲೆಕಾಯಿ ಅಲ್ಲ." ಕೆಲವು ಶಬ್ದಗಳು ಹೆಚ್ಚಾದವು ನಿಜ. ಆ ಶಬ್ದಗಳು ಏಳೆಂಟು ಎಕರೆಯ ಹದವನ್ನು ಉಳಿಸುತ್ತವೆ.

ಶಬ್ದಕೋಶವನ್ನು ನೋಡಿದರೆ ಯಾವ ಅರ್ಥ ಸರಿ ಎಂದು ತಿಳಿಯದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಶಬ್ದಕ್ಕೆ ಯಾವ ಯಾವ ಅರ್ಥಗಳಿವೆ ಎಂಬುದನ್ನು ಕೋಶ ಹೇಳಬಲ್ಲದು. ಈ ಪತ್ರವನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಅವುಗಳಲ್ಲಿ ಯಾವುದು ಎಂಬುದನ್ನು ಅದು ಹೇಳಲಾರದು. ಅದನ್ನು ಬರೆದವರಿಂದಲೇ ಕೇಳಿ ತಿಳಿಯಬೇಕು. ಹಾಗೆಯೇ ಶೇಂಗಾ ಮರಾಠಿಯ ಶಬ್ದ, ಕಡಲೆಕಾಯಿಯೇ ಅಚ್ಚ ಕನ್ನಡ ಎಂದು ಯಾರಾದರೂ ಹೇಳಿದರೆ ನಮ್ಮ ಮಕ್ಕಳು ನಾಚಿಕ್ಕೊಳ್ಳಬೇಕಾಗಿಲ್ಲ. ಹೊಸ ಪದಾರ್ಥಕ್ಕೆ ಬೇರೆಯದೇ ಆದ ಹೆಸರನ್ನು ಇಟ್ಟುಕೊಂಡುದರಿಂದ ನಮ್ಮ ಹಿರಿಯರ ಮಾತಿನಲ್ಲಿ ಎರಡು ಕಾಳುಗಳು ಎಂದೂ ಬೆರೆಯಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಶಬ್ದವನ್ನು ಬರೆಯಿರಿ, ಮನೆಯಲ್ಲಿ ಮನೆಯ ಶಬ್ದವನ್ನು ಆಡಿರಿ, ಎರಡೂ ಯಾವ ಪದಾರ್ಥವನ್ನು ತೋರಿಸುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿರಿ.

ಕೊನೆಯದಾಗಿ ಒಂದು ಸೂಚನೆ. ನಮ್ಮ ಸಂಘದಲ್ಲಿ ರೈತರಿದ್ದಾರೆ, ವ್ಯಾಪಾರಿಗಳಿದ್ದಾರೆ, ಶಿಕ್ಷಕರಿದ್ದಾರೆ, ಬಳ್ಳಾರಿಯಿಂದಲೂ ಬೆಂಗಳೂರಿನ ಕಡೆಯಿಂದಲೂ ಬಂದ ಸೊಸೆಯಂದಿರಿದ್ದಾರೆ. ಒಂದು ಹಾಳೆಯ ಮೇಲೆ ಕಡಲೆ, ಶೇಂಗಾ, ಜೋಳ, ಮೆಣಸು, ಹಿಂಡಿ ಈ ಐದು ಹೆಸರುಗಳನ್ನು ಬರೆದು, ಪ್ರತಿಯೊಂದರ ಮುಂದೆ ನಮ್ಮ ಸೀಮೆಯ ಅರ್ಥ, ಮೈಸೂರಿನ ಅರ್ಥ, ಕರಾವಳಿಯ ಅರ್ಥ, ತೆಲುಗಿನ ಪೂರ್ಣ ಹೆಸರು, ಇವನ್ನು ತುಂಬಿಸಿದರೆ ಸಾಕು. ಒಂದು ಸಂಜೆಯ ಕೆಲಸ. ಆ ಹಾಳೆಯನ್ನು ದಲಾಲಿ ಅಂಗಡಿಯ ಗೋಡೆಗೂ ಶಾಲೆಯ ಗೋಡೆಗೂ ಅಂಟಿಸಬಹುದು. ಮುಂದಿನ ಹಿಂಗಾರಿಗೆ ಮೊದಲು ಅದು ಸಿದ್ಧವಾಗಲೆಂದು ಕೋರುತ್ತೇನೆ.